ಇಪ್ಪತ್ನಾಲ್ಕು ಗಂಟೆಯ ಮಳೆ, ನಾಲ್ಕು ಗಂಟೆಯ ನೆರೆ

2005ರ ಜುಲೈ 26ರ ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆಯವರೆಗೆ ಮುಂಬೈನ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಮಾತ್ರ. ಉಪನಗರಗಳಲ್ಲಿ ಮೀಠಿ ನದಿ ಉಕ್ಕಿತು, ಕುರ್ಲಾ ಮತ್ತು ಕಲೀನಾದ ಮನೆಗಳಿಗೆ ನೀರು ನುಗ್ಗಿತು, ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ನಗರದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಆ ದಿನದ ನೆನಪಿನಲ್ಲಿ ಎಲ್ಲರ ಬಾಯಲ್ಲೂ ಉಳಿದದ್ದು 944 ಎಂಬ ಅಂಕಿ. ಆದರೆ ಚರಂಡಿ ಕಟ್ಟುವವರಿಗೆ ಆ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಚರಂಡಿಯ ಶಕ್ತಿಯನ್ನು ಅಳೆಯುವುದು ದಿನದ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ಮುಂಬೈನ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ ಸುಮಾರು 25 ಮಿ.ಮೀ. ಮಳೆಯನ್ನು ಸಾಗಿಸುವಂತೆ ಕಟ್ಟಿದವು, ಅದೂ ಸಮುದ್ರ ಇಳಿತದಲ್ಲಿದ್ದಾಗ. ಇದನ್ನು ಗಂಟೆಗೆ 50 ಮಿ.ಮೀ.ಗೆ ಏರಿಸಬೇಕೆಂದು 1993ರ ಬ್ರಿಮ್‌ಸ್ಟೋವ್ಯಾಡ್ ಯೋಜನಾ ವರದಿ ಸಲಹೆ ಮಾಡಿತ್ತು. 2005ರ ಹೊತ್ತಿಗೆ ಅದರ ಬಹುಪಾಲು ಕೆಲಸ ಕಾಗದದಲ್ಲೇ ಇತ್ತು.

ಆ ಕೆಲಸ ಪೂರ್ತಿಯಾಗಿ ಮುಗಿದಿತ್ತು ಎಂದುಕೊಳ್ಳೋಣ. 944 ಮಿ.ಮೀ.ಯನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 39 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಇದು 50ಕ್ಕಿಂತ ಕಡಿಮೆ. ಈ ಲೆಕ್ಕದ ಪ್ರಕಾರ ಅಂದು ಒಂದು ಹನಿಯೂ ರಸ್ತೆಯಲ್ಲಿ ನಿಲ್ಲಬಾರದಿತ್ತು.

ಭಾಗಾಕಾರ ಸರಿಯಾಗಿಯೇ ಇದೆ, ತಪ್ಪಿರುವುದು ಚಿತ್ರದಲ್ಲಿ. ಅಡ್ಡಗೆರೆಯ ಮೇಲೆ ಸಮಯವನ್ನೂ ಲಂಬಗೆರೆಯ ಮೇಲೆ ಮಳೆಯ ಬಿರುಸನ್ನೂ, ಅಂದರೆ ಗಂಟೆಗೆ ಎಷ್ಟು ಮಿ.ಮೀ. ಎಂಬುದನ್ನೂ ಗುರುತಿಸಿ ವಕ್ರರೇಖೆ ಎಳೆದರೆ, ಒಟ್ಟು ಮಳೆ ಎಂಬುದು ಆ ರೇಖೆಯ ಕೆಳಗಿನ ವಿಸ್ತೀರ್ಣ. ಬಿರುಸನ್ನು ಸಮಯದಿಂದ ಗುಣಿಸಿದರೆ ಮಿಲಿಮೀಟರ್ ಬರುತ್ತದೆ, ಎತ್ತರವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ; ಎರಡೂ ಒಂದೇ ಕೆಲಸ. ದಿನದ ಸರಾಸರಿ ತೆಗೆಯುವುದೆಂದರೆ ಆ ಇಡೀ ರೇಖೆಯನ್ನು ಅಳಿಸಿ, ಅಷ್ಟೇ ವಿಸ್ತೀರ್ಣದ ಒಂದೇ ಆಯತವನ್ನು ಅಲ್ಲಿ ಕೂರಿಸುವುದು. ವಿಸ್ತೀರ್ಣ ಉಳಿಯಿತು, ಆಕಾರ ಹೋಯಿತು.

ಈಗ ಒಂದರ ಬದಲು ಎರಡು ಆಯತ ಇಡೋಣ. ಅಂದು ಮಧ್ಯಾಹ್ನ ಎರಡೂವರೆಯಿಂದ ಸಂಜೆ ಆರೂವರೆಯವರೆಗಿನ ನಾಲ್ಕು ಗಂಟೆಗಳಲ್ಲೇ ಸಾಂತಾಕ್ರೂಜ್‌ನಲ್ಲಿ ಸುಮಾರು 481 ಮಿ.ಮೀ. ಬಿತ್ತು. ಹಾಗಾಗಿ ಒಂದು ಆಯತ ನಾಲ್ಕು ಗಂಟೆ ಅಗಲದ್ದು, ಅದರ ಎತ್ತರ ಗಂಟೆಗೆ ಸುಮಾರು 120 ಮಿ.ಮೀ. ಉಳಿದ ಇಪ್ಪತ್ತು ಗಂಟೆಗಳಲ್ಲಿ ಬಿದ್ದ 463 ಮಿ.ಮೀ. ಸುಮಾರು 23ರ ಎತ್ತರಕ್ಕೆ ಕುಳಿತುಕೊಳ್ಳುತ್ತದೆ. ಒಟ್ಟು ಮತ್ತದೇ 944. ಆದರೆ 50ರ ಮಟ್ಟದಲ್ಲಿ ಚರಂಡಿಯ ಗೆರೆ ಎಳೆದು, ಅದರ ಮೇಲೆ ಎದ್ದು ನಿಂತ ಭಾಗವನ್ನು ಮಾತ್ರ ನೋಡಿ. ನಾಲ್ಕು ಗಂಟೆಗಳಲ್ಲಿ ಚರಂಡಿ ಸಾಗಿಸಬಲ್ಲದ್ದು 200 ಮಿ.ಮೀ., ಬಂದದ್ದು 481. ಉಳಿದ 281 ಮಿ.ಮೀ. ನೀರಿಗೆ ಹೋಗಲು ದಾರಿಯಿಲ್ಲ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಹತ್ತು ಲಕ್ಷ ಲೀಟರ್. ಹಾಗಾದರೆ ಪ್ರತಿ ಚದರ ಕಿಲೋಮೀಟರಿಗೆ ಸುಮಾರು 28 ಕೋಟಿ ಲೀಟರ್ ನೀರು ತಗ್ಗು ಹುಡುಕಿಕೊಂಡು ಹೊರಟಿತು.

ಒಂದು ಆಯತದ ಲೆಕ್ಕದಲ್ಲಿ ಸೊನ್ನೆ, ಎರಡರ ಲೆಕ್ಕದಲ್ಲಿ 281. ಇಲ್ಲೊಂದು ನಿಯಮವಿದೆ. ಅಗಲದ ಆಯತವನ್ನು ಕಿರಿದಾದ ತುಂಡುಗಳಾಗಿ ಸೀಳಿದಾಗ ಒಟ್ಟು ಮಳೆ ಬದಲಾಗುವುದಿಲ್ಲ, ಆದರೆ ಗೆರೆ ಮೀರಿದ ಭಾಗ ಹೆಚ್ಚಬಹುದೇ ಹೊರತು ಎಂದೂ ಕಡಿಮೆಯಾಗುವುದಿಲ್ಲ. ಗೆರೆಯ ಕೆಳಗೆ ಖಾಲಿ ಉಳಿದ ಒಂದು ಗಂಟೆ, ಗೆರೆ ಮೀರಿದ ಇನ್ನೊಂದು ಗಂಟೆಯ ಭಾರ ಹೊತ್ತಂತೆ ತೋರಿಸುವುದು ಸರಾಸರಿಯ ಗುಣ. ಬೆಳಗಿನ ಜಾವ ಖಾಲಿ ಹರಿದ ಚರಂಡಿ ಮಧ್ಯಾಹ್ನದ ನೀರನ್ನು ಹೊರಲಾರದು. ಆದ್ದರಿಂದ ದೊಡ್ಡ ತುಂಡುಗಳ ಲೆಕ್ಕ ತಪ್ಪಿದಾಗಲೆಲ್ಲ ಅಪಾಯವನ್ನು ಕಡಿಮೆ ತೋರಿಸುವ ಕಡೆಗೇ ತಪ್ಪುತ್ತದೆ.

ಹಾಗಾದರೆ ಎಷ್ಟು ಕಿರಿದಾಗಿ ಸೀಳಿದರೆ ಸಾಕು? ಇದನ್ನು ಪರೀಕ್ಷಿಸಲು ಉತ್ತರ ಮೊದಲೇ ತಿಳಿದಿರುವ ಒಂದು ಮಳೆ ಬೇಕು. ಅಂದಿನ ನಾಲ್ಕು ಗಂಟೆಗಳನ್ನು ಹೋಲುವ ಒಂದು ಕಲ್ಪಿತ ಮಳೆ ತೆಗೆದುಕೊಳ್ಳೋಣ. ಅದು ಸೊನ್ನೆಯಿಂದ ಆರಂಭವಾಗಿ, ಎರಡನೆಯ ಗಂಟೆಯ ಕೊನೆಗೆ 180ಕ್ಕೆ ಏರಿ, ನಾಲ್ಕನೆಯ ಗಂಟೆಯ ಕೊನೆಗೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಅದರ ಸೂತ್ರ:

r(t) = 45t(4 − t)

ಈ ರೇಖೆಯ ಕೆಳಗಿನ ನಿಖರ ವಿಸ್ತೀರ್ಣ 480. ಈಗ ಈ ಉತ್ತರವನ್ನು ಮರೆತು, ಪ್ರತಿ ಗಂಟೆಗೊಮ್ಮೆ ಬಿರುಸನ್ನು ಮಾತ್ರ ಓದಿಕೊಂಡೆವು ಎಂದಿಟ್ಟುಕೊಳ್ಳಿ. ಸಿಗುವ ಓದುಗಳು 0, 135, 180, 135, 0. ಪ್ರತಿ ಗಂಟೆಯ ಎರಡು ತುದಿಗಳಲ್ಲಿ ಕಡಿಮೆಯದನ್ನು ಎತ್ತರವಾಗಿ ಹಿಡಿದು ಆಯತ ಕಟ್ಟಿದರೆ ಮೊತ್ತ 0 + 135 + 135 + 0, ಅಂದರೆ 270. ಹೆಚ್ಚಿನದನ್ನು ಹಿಡಿದರೆ 135 + 180 + 180 + 135, ಅಂದರೆ 630. ನಿಜವಾದ ಮಳೆ ಈ ಎರಡರ ನಡುವೆ ಎಲ್ಲೋ ಇದೆ ಎನ್ನುವುದು ಖಚಿತ, ಆದರೆ ಅಂತರ 360ರಷ್ಟು ದೊಡ್ಡದು. ಅರ್ಧ ಗಂಟೆಗೊಮ್ಮೆ ಓದಿದರೆ ಕೆಳಗಿನ ಮೊತ್ತ 382.5, ಮೇಲಿನದು 562.5, ಅಂತರ 180. ಕಾಲು ಗಂಟೆಗೊಮ್ಮೆ ಓದಿದರೆ ಸುಮಾರು 433 ಮತ್ತು 523, ಅಂತರ 90. ಅಗಲ ಅರ್ಧವಾದಂತೆ ಅಂತರವೂ ಅರ್ಧವಾಗುತ್ತದೆ. ಕೆಳಗಿನ ಮೊತ್ತ ಏರುತ್ತದೆ, ಮೇಲಿನದು ಇಳಿಯುತ್ತದೆ, ಇಬ್ಬದಿಯಿಂದ ಒತ್ತಿದಂತೆ ನಡುವೆ ಉಳಿಯುವ ಸಂಖ್ಯೆ ಒಂದೇ.

ಆಯತದ ತಲೆ ಚಪ್ಪಟೆ. ಮಳೆ ಏರುತ್ತಿರುವಾಗಲೂ ಅದು ಮಟ್ಟಸವಾಗಿಯೇ ಇರುತ್ತದೆ. ಅಕ್ಕಪಕ್ಕದ ಎರಡು ಓದುಗಳ ತುದಿಗಳನ್ನು ಓರೆಗೆರೆಯಿಂದ ಸೇರಿಸಿದರೆ ಆಯತದ ಜಾಗದಲ್ಲಿ ತ್ರಾಪಿಜ್ಯ ಬರುತ್ತದೆ. ಅದರ ವಿಸ್ತೀರ್ಣ ಎರಡು ಎತ್ತರಗಳ ಸರಾಸರಿಯನ್ನು ಅಗಲದಿಂದ ಗುಣಿಸಿದಷ್ಟು. ಈ ಲೆಕ್ಕ ಬಹಳ ಹಳೆಯದು. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಬ್ಯಾಬಿಲೋನಿನ ಖಗೋಳಜ್ಞರು ಗುರುಗ್ರಹದ ದಿನದಿನದ ವೇಗ 60 ದಿನಗಳಲ್ಲಿ 12 ಕಲೆಯಿಂದ ಒಂಬತ್ತೂವರೆ ಕಲೆಗೆ ಇಳಿಯುವುದನ್ನು ಹೀಗೆಯೇ ತ್ರಾಪಿಜ್ಯವಾಗಿ ಕಂಡು, ಗ್ರಹ ಸಾಗಿದ ದೂರ 10 ಅಂಶ 45 ಕಲೆ ಎಂದು ಮಣ್ಣಿನ ಹಲಗೆಗಳಲ್ಲಿ ಬರೆದಿಟ್ಟಿದ್ದರು. ಆ ಹಲಗೆಗಳ ಅರ್ಥವನ್ನು ಮಾಥ್ಯು ಒಸೆಂಡ್ರೈವರ್ 2016ರಲ್ಲಿ ಬಿಡಿಸಿ ಪ್ರಕಟಿಸಿದರು.

ನಮ್ಮ ಕಲ್ಪಿತ ಮಳೆಗೆ ಗಂಟೆಗೊಂದು ತ್ರಾಪಿಜ್ಯ ಇಟ್ಟರೆ 450 ಬರುತ್ತದೆ, 30 ಕಡಿಮೆ. ಅರ್ಧ ಗಂಟೆಗೆ 472.5, ಏಳೂವರೆ ಕಡಿಮೆ. ಕಾಲು ಗಂಟೆಗೆ 478.125, ಎರಡಕ್ಕಿಂತಲೂ ಕಡಿಮೆ ಕೊರತೆ. ಇಲ್ಲಿ ಅಗಲ ಅರ್ಧವಾದಾಗ ತಪ್ಪು ಕಾಲುಭಾಗವಾಗುತ್ತದೆ. ತಪ್ಪು ಯಾವ ಕಡೆಗೆ ಎನ್ನುವುದೂ ಗೊತ್ತು. ರೇಖೆ ಗುಡ್ಡದಂತೆ ಉಬ್ಬಿರುವಲ್ಲಿ ಓರೆಗೆರೆ ಗುಡ್ಡದ ಒಳಗೇ ಹಾಯುತ್ತದೆ, ಆದ್ದರಿಂದ ಮೊತ್ತ ಕಡಿಮೆಯೇ ಬರುತ್ತದೆ. ತಗ್ಗಿನಂತೆ ಬಾಗಿರುವಲ್ಲಿ ಹೆಚ್ಚು ಬರುತ್ತದೆ. ನಿಜವಾದ ಉತ್ತರ ತಿಳಿಯದಿದ್ದರೂ ತಪ್ಪನ್ನು ಅಂದಾಜಿಸಲು ಒಂದು ದಾರಿಯಿದೆ. ಅಗಲವನ್ನು ಅರ್ಧ ಮಾಡಿದಾಗ ಮೊತ್ತ ಎಷ್ಟು ಬದಲಾಯಿತು ಎಂದು ನೋಡಿ, ಅದರ ಮೂರನೆಯ ಒಂದು ಭಾಗ ಇನ್ನೂ ಬಾಕಿಯಿದೆ ಎಂದು ತಿಳಿಯಬೇಕು. 472.5ರಿಂದ 478.125ಕ್ಕೆ ಬಂದಾಗ ಬದಲಾವಣೆ 5.625, ಅದರ ಮೂರನೆಯ ಒಂದು 1.875; ಕೂಡಿದರೆ 480. ನುಣುಪಾದ ರೇಖೆಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಓದುಗಳ ನಡುವೆ ಹತ್ತು ನಿಮಿಷದ ಬಿರುಮಳೆಯೊಂದು ಬಂದುಹೋಗಿದ್ದರೆ ಯಾವ ಓರೆಗೆರೆಗೂ ಅದರ ಸುಳಿವು ಸಿಗದು.

ತುಂಡುಗಳನ್ನು ಸಣ್ಣದಾಗಿಸುತ್ತ ಹೋದಂತೆ ಈ ಮೊತ್ತಗಳೆಲ್ಲ ಹತ್ತಿರವಾಗುವ ಆ ಒಂದು ಸಂಖ್ಯೆಯೇ ನಿಶ್ಚಿತ ಅನುಕಲ. ಅದು ಕೊನೆಯ ಆಯತದ ಮೊತ್ತವಲ್ಲ, ಏಕೆಂದರೆ ಕೊನೆಯ ಆಯತ ಎಂಬುದೇ ಇಲ್ಲ. ಅದು ಮೊತ್ತಗಳ ಮಿತಿ. 1823ರಲ್ಲಿ ಫ್ರಾನ್ಸಿನ ಕೋಶಿ ತುಂಡರಿಸದ ರೇಖೆಗಳಿಗೆ ಈ ವ್ಯಾಖ್ಯೆ ಕೊಟ್ಟ. ಪ್ರತಿ ತುಂಡಿನಲ್ಲಿ ಎತ್ತರವನ್ನು ಎಲ್ಲಿ ಓದಿದರೂ ಅದೇ ಮಿತಿ ಬರಬೇಕು ಎಂಬ ಷರತ್ತನ್ನಿಟ್ಟು 1854ರಲ್ಲಿ ಜರ್ಮನಿಯ ರೀಮನ್ ಅದನ್ನು ಇನ್ನೂ ಹಲವು ಬಗೆಯ ರೇಖೆಗಳಿಗೆ ವಿಸ್ತರಿಸಿದ. ಮೇಲಿನ ಮತ್ತು ಕೆಳಗಿನ ಮೊತ್ತಗಳ ಅಂತರ ಸೊನ್ನೆಗೆ ಕುಗ್ಗುವುದು ಈ ಷರತ್ತಿನ ಇನ್ನೊಂದು ರೂಪ.

ಕಾಗದದ ಮೇಲೆ ಸೀಳುವುದಕ್ಕೆ ಕೊನೆಯಿಲ್ಲ, ಮಳೆಮಾಪಕದಲ್ಲಿ ಇದೆ. ಭಾರತದ ಹವಾಮಾನ ಇಲಾಖೆ ದಶಕಗಳ ಕಾಲ ಬಳಸಿದ ಸೈಫನ್ ಮಳೆಮಾಪಕದಲ್ಲಿ ನೀರು ತುಂಬಿದಂತೆ ತೇಲುಬುರುಡೆ ಏರಿ, ಅದಕ್ಕೆ ಕಟ್ಟಿದ ಲೇಖನಿ ತಿರುಗುವ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಹತ್ತು ಮಿ.ಮೀ. ಆದೊಡನೆ ನೀರು ತಾನಾಗಿ ಹೊರಗೆ ಹರಿದು ಲೇಖನಿ ಸೊನ್ನೆಗೆ ಇಳಿಯುತ್ತದೆ. ಆ ಲೇಖನಿ ಬರೆಯುವುದು ಬಿರುಸನ್ನಲ್ಲ, ಈವರೆಗೆ ಕೂಡಿದ ಮಳೆಯನ್ನು, ಅಂದರೆ ಅನುಕಲವನ್ನೇ. ಬಿರುಸು ಬೇಕೆಂದರೆ ಗೆರೆಯ ಕಡಿದನ್ನು ಅಳೆಯಬೇಕು. ಅಂದು ಸಾಂತಾಕ್ರೂಜ್‌ನಲ್ಲಿ ಒಂದು ಗಂಟೆಯಲ್ಲಿ 190 ಮಿ.ಮೀ. ಬಿದ್ದದ್ದೂ ಉಂಟು. ಅಂಥ ಗಂಟೆಯಲ್ಲಿ ಇಂಥ ಮಾಪಕ ಹತ್ತೊಂಬತ್ತು ಸಲ, ಸುಮಾರು ಮೂರು ನಿಮಿಷಕ್ಕೊಮ್ಮೆ ಬರಿದಾಗಬೇಕು. ಬರಿದಾಗುವ ಆ ಕೆಲವು ಸೆಕೆಂಡುಗಳ ಮಳೆ ಲೆಕ್ಕಕ್ಕೆ ಸಿಗುವುದಿಲ್ಲ.

ಈಗಿನ ಟಿಪ್ಪಿಂಗ್ ಬಕೆಟ್ ಮಾಪಕದಲ್ಲಿ ಸೌಟಿನಂಥ ಎರಡು ಪುಟ್ಟ ಬೋಗುಣಿಗಳು ತಕ್ಕಡಿಯಂತೆ ಕುಳಿತಿರುತ್ತವೆ. ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚುವಿಕೆಯೂ ನಿಗದಿಯಾದ ಒಂದಷ್ಟು ಮಳೆ. ನಾವು ಸಮಯವನ್ನು ಸಮನಾಗಿ ಹಂಚಿ ವಿಸ್ತೀರ್ಣ ಕೇಳಿದರೆ, ಈ ಯಂತ್ರ ವಿಸ್ತೀರ್ಣವನ್ನು ಸಮನಾಗಿ ಹಂಚಿ ಸಮಯವನ್ನು ಕೊಡುತ್ತದೆ. ಹಾಗಾಗಿ ಒಂದು ಬೋಗುಣಿ ತುಂಬಲು ಬೇಕಾದ ಹೊತ್ತಿಗಿಂತ ಕಿರಿದಾದ ತುಂಡಿಗೆ ಅರ್ಥವಿಲ್ಲ. ಅಲ್ಲಿ ಬಿರುಸು ಒಮ್ಮೆ ಸೊನ್ನೆ, ಒಮ್ಮೆ ಮುಗಿಲೆತ್ತರ ಎಂದು ಕುಣಿಯತೊಡಗುತ್ತದೆ. ಬೋಗುಣಿ ಮಗುಚುವ ಕ್ಷಣದಲ್ಲಿ ಸುರಿದದ್ದೂ ಕೈತಪ್ಪುವುದರಿಂದ, ಬಿರುಮಳೆಯಲ್ಲಿ ಈ ಮಾಪಕಗಳು ನಿಜಕ್ಕಿಂತ ಕಡಿಮೆಯನ್ನೇ ಹೇಳುತ್ತವೆ.

ನೆರೆಯ ಮರುವರ್ಷ, 2006ರ ಮಳೆಗಾಲಕ್ಕೆ, ಮುಂಬೈ ಮಹಾನಗರ ಪಾಲಿಕೆ ನಗರದಾದ್ಯಂತ 35 ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿತು. ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕೊಡುವಂತಾಯಿತು. ಆ ಹದಿನೈದು ನಿಮಿಷಕ್ಕೆ ಕಾರಣವಿದೆ. ಮುಂಬೈನ ನಾಲೆಗಳು ಗಿಡ್ಡ, ನೆಲವೆಲ್ಲ ಕಾಂಕ್ರೀಟು. ಮೇಲೆ ಬಿದ್ದ ನೀರು ಬೇಗನೆ ಕೆಳಗಿನ ತಗ್ಗಿಗೆ ಇಳಿದುಬಿಡುತ್ತದೆ. ಆಯತದ ಅಗಲ ನೀರಿನ ಆ ಪ್ರಯಾಣಕ್ಕಿಂತ ದೊಡ್ಡದಾಗಿದ್ದರೆ, ಲೆಕ್ಕ ಸಿಗುವ ಮೊದಲೇ ನೀರು ಮನೆಯೊಳಗಿರುತ್ತದೆ.

ಇಷ್ಟಾದರೂ ಚಿತ್ರದಲ್ಲಿ ಒಂದು ಗೆರೆಯನ್ನು ನೇರವಾಗಿ ಎಳೆದದ್ದು ಉಳಿದಿದೆ: 50ರ ಗೆರೆ. ಮುಂಬೈನ ಚರಂಡಿಗಳು ಸಮುದ್ರಕ್ಕೆ ಬೀಳುತ್ತವೆ. ಉಬ್ಬರ ಏರಿದಂತೆ ಅವುಗಳ ಬಾಯಿ ಮುಚ್ಚುತ್ತದೆ, ಚರಂಡಿಯ ಶಕ್ತಿ ಇಳಿಯುತ್ತದೆ. 2005ರ ಆ ಮಧ್ಯಾಹ್ನ ಬಿರುಮಳೆ ಮತ್ತು ದೊಡ್ಡ ಉಬ್ಬರ ಒಟ್ಟಿಗೇ ಬಂದವು. ಆದ್ದರಿಂದ ಸರಿಯಾದ ಚಿತ್ರದಲ್ಲಿ ಚರಂಡಿಯದ್ದೂ ಒಂದು ವಕ್ರರೇಖೆಯೇ. ಮಳೆಯ ರೇಖೆ ಏರುವಾಗ ಅದು ತಗ್ಗುತ್ತದೆ. ರಸ್ತೆಯಲ್ಲಿ ನಿಂತ ನೀರು ಎಂದರೆ ಆ ಎರಡು ರೇಖೆಗಳ ನಡುವೆ ಸಿಕ್ಕಿಬಿದ್ದ ವಿಸ್ತೀರ್ಣ. 281 ಎಂಬುದು ಚರಂಡಿ ಪೂರ್ತಿ 50ರ ಶಕ್ತಿಯಲ್ಲಿ ಹರಿದಿದ್ದರೆ ಎಂಬ ಲೆಕ್ಕ. ಅಂದು ಇದ್ದದ್ದು ಅದರ ಅರ್ಧದಷ್ಟು ಶಕ್ತಿಯ ಚರಂಡಿಗಳು, ಅವುಗಳ ಬಾಯಿಗೆ ಅಡ್ಡವಾಗಿ ಸಮುದ್ರ.