ಅರ್ಧದ ಮಡಿಕೆ, ಅರವತ್ತರ ಮಡಿಕೆ: ಸಲಕರಣೆಗಳಿಲ್ಲದ ತರಗತಿಯಲ್ಲಿ ಕೋನ ಬೋಧನೆಯ ಒಂದು ವಿಚಾರ

ಕಂಪಾಸ್ ಪೆಟ್ಟಿಗೆ ಇಲ್ಲದ ಮಕ್ಕಳಿಗೆ ಕೋನ ಕಲಿಸಲು ಕಾಗದ ಮಡಚಿಸಬಹುದು ಎಂಬುದರಲ್ಲಿ ಇಂದು ಯಾರಿಗೂ ತಕರಾರಿಲ್ಲ. ಮದ್ರಾಸಿನಲ್ಲಿ 1893ರಲ್ಲಿ ಟಿ. ಸುಂದರ ರಾವ್ ಅವರು ಕಾಗದ ಮಡಚುವ ರೇಖಾಗಣಿತದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರಿಗೆ ಪ್ರೇರಣೆಯಾದದ್ದು ಕಿಂಡರ್‌ಗಾರ್ಟನ್ ಪದ್ಧತಿಯ ಕಾಗದದಾಟ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಗಮನಿಸಿ ಉಲ್ಲೇಖಿಸಿದ ಮೇಲೆ 1901ರಲ್ಲಿ ಷಿಕಾಗೋದಿಂದ ಅದರ ಪರಿಷ್ಕೃತ ಆವೃತ್ತಿ ಬಂತು. ಎನ್‌ಸಿಇಆರ್‌ಟಿ 2024ರಲ್ಲಿ ಹೊರತಂದ ಆರನೇ ತರಗತಿಯ ‘ಗಣಿತ ಪ್ರಕಾಶ’ದಲ್ಲೂ ಕಾಗದ ಮಡಚಿ ಕೋನಮಾಪಕ ಮಾಡಿಕೊಳ್ಳುವ ಚಟುವಟಿಕೆಯಿದೆ. ಮಕ್ಕಳು ಬಾಹುಗಳ ಉದ್ದವನ್ನೇ ಕೋನದ ಅಳತೆಯೆಂದು ತಿಳಿಯುತ್ತಾರೆ ಎಂಬುದನ್ನೂ, ಮೂಲೆಯಲ್ಲಿ ಕಂಡ ಕೋನವನ್ನು ತಿರುಗುವ ವಸ್ತುವಿನಲ್ಲಿ ಗುರುತಿಸಲು ತಡಕಾಡುತ್ತಾರೆ ಎಂಬುದನ್ನೂ ಶಿಕ್ಷಣ ಸಂಶೋಧಕರು ಬಹಳ ಹಿಂದೆಯೇ ಹೇಳಿದ್ದಾರೆ. ಇವನ್ನೆಲ್ಲ ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ನನ್ನ ಭಿನ್ನಮತ ಇರುವುದು ಒಂದೇ ಕಡೆ. ಕೋನಮಾಪಕವಾಗಬೇಕಾದ ಕಾಗದದ ಮೇಲೆ ಮೊದಲು ಯಾವ ಮಡಿಕೆ ಬೀಳಬೇಕು? ರೂಢಿಯ ಉತ್ತರ ಅರ್ಧದ ಮಡಿಕೆ. ಬಳೆಯನ್ನೋ ತಟ್ಟೆಯನ್ನೋ ಇಟ್ಟು ವೃತ್ತ ಬರೆದು, ಕತ್ತರಿಸಿ, ಅರ್ಧ ಮಡಚಿದರೆ 180 ಡಿಗ್ರಿ, ಮತ್ತೆ ಮಡಚಿದರೆ 90, ಮತ್ತೆ 45, ಮತ್ತೆ 22.5. ಈ ದಾರಿ ಸುಲಭ, ಕಣ್ಣಿಗೂ ಚೆನ್ನ. ಆದರೆ ಇದು ಬೇಗನೇ ಮುಚ್ಚಿಹೋಗುವ ದಾರಿ ಎಂದು ನನ್ನ ವಾದ. ಅರ್ಧ ಮಾಡುತ್ತಲೇ ಹೋದರೆ ಸರಳಕೋನ ಎರಡು, ನಾಲ್ಕು, ಎಂಟು, ಹದಿನಾರು ಪಾಲಾಗುತ್ತದೆ. ಈ ಸಂಖ್ಯೆಗಳಲ್ಲಿ ಯಾವುದನ್ನೂ ಮೂರರಿಂದ ಭಾಗಿಸಲು ಬರುವುದಿಲ್ಲ. ಅರವತ್ತು ಡಿಗ್ರಿ ಎಂದರೆ ಸರಳಕೋನದ ಮೂರನೇ ಒಂದು ಪಾಲು. ಆದ್ದರಿಂದ ಎಷ್ಟು ಸಲ ಅರ್ಧ ಮಾಡಿದರೂ 60 ಆಗಲಿ 30 ಆಗಲಿ ಕೈಗೆ ಸಿಗುವುದಿಲ್ಲ. ಪಠ್ಯದ ಲೆಕ್ಕಗಳಲ್ಲಿ ಮಕ್ಕಳಿಗೆ ಪದೇ ಪದೇ ಎದುರಾಗುವ ಕೋನಗಳೋ ಇವೇ. ಇದರ ತಿರುಗುಮುರುಗು ನಿಜವಲ್ಲ ಎಂಬುದೇ ಇಲ್ಲಿಯ ಮುಖ್ಯ ಅಂಶ. 60ರಿಂದ ಹೊರಟರೆ ಅದರ ಅರ್ಧ 30, ಅದರ ಅರ್ಧ 15. 30ಕ್ಕೆ 15 ಕೂಡಿದರೆ 45, 60ಕ್ಕೆ 30 ಕೂಡಿದರೆ 90. ಅರ್ಧದ ದಾರಿಯಲ್ಲಿ ಸಿಗುವುದೆಲ್ಲವೂ ಅರವತ್ತರ ದಾರಿಯಲ್ಲಿ ಸಿಗುತ್ತದೆ. ಅರವತ್ತರ ದಾರಿಯಲ್ಲಿ ಸಿಗುವುದು ಅರ್ಧದ ದಾರಿಯಲ್ಲಿ ಸಿಗುವುದಿಲ್ಲ.

ಆಧಾರವಾಗಿ ಅರವತ್ತರ ಮಡಿಕೆಯನ್ನೇ ಬಿಡಿಸಿ ನೋಡೋಣ. ರಾವ್ ಚೌಕದ ಹಾಳೆಯಿಂದ ತೊಡಗಿ ಎರಡನೇ ಅಧ್ಯಾಯದಲ್ಲಿ ಸಮಬಾಹು ತ್ರಿಭುಜಕ್ಕೆ ಬರುತ್ತಾರೆ. ಆದರೆ ರಾಣೆಬೆನ್ನೂರು ಕಡೆಯ ಹಳ್ಳಿಯ ಶಾಲೆಯಲ್ಲಿ ಮಗುವಿನ ಕೈಗೆ ಸಿಗುವುದು ನೋಟ್‌ಬುಕ್ಕಿನಿಂದ ಹರಿದ ಹಾಳೆ, ಹಳೆಯ ದಿನಪತ್ರಿಕೆ, ಇಲ್ಲವೇ ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂದಿನ ತಿಂಗಳು. ಚೌಕ ಬೇಕೇ ಬೇಕೆಂದರೆ ಅದನ್ನು ಮಾಡುವುದರಲ್ಲೇ ಪಾಠದ ಅರ್ಧ ಹೊತ್ತು ಕಳೆಯುತ್ತದೆ. ಅರವತ್ತರ ಮಡಿಕೆಗೆ ಚೌಕವೂ ಬೇಡ, ಲಂಬವಾದ ಮೂಲೆಯೂ ಬೇಡ. ಸೊಟ್ಟಗೆ ಹರಿದ ಕಾಗದವನ್ನು ಒಮ್ಮೆ ಮಡಚಿ ಒಂದು ನೇರ ಅಂಚು ಮಾಡಿಕೊಂಡರೆ ಸಾಕು.

ಆ ಅಂಚಿನ ಮೇಲೆ ಸುಮಾರು ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಕ ಮತ್ತು ಗ ಎಂಬ ಎರಡು ಚುಕ್ಕೆ ಇಡಿ. ಸ್ಕೇಲ್ ಇಲ್ಲದಿದ್ದರೆ ಒಂದು ಗೇಣು ಸಾಕು. ಗ ಚುಕ್ಕೆಯನ್ನು ಕ ಚುಕ್ಕೆಯ ಮೇಲೆ ತಂದು ಮಡಚಿ, ಉಗುರಿನಿಂದ ಒತ್ತಿ, ಬಿಚ್ಚಿ. ನಡುವೆ ಬಿದ್ದ ಗೆರೆಯ ಯಾವುದೇ ಬಿಂದು ಕ ಮತ್ತು ಗಗಳಿಂದ ಸಮದೂರದಲ್ಲಿರುತ್ತದೆ. ಈಗ ಕ ಚುಕ್ಕೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಹೊಸ ಮಡಿಕೆ ಅದರ ಮೂಲಕವೇ ಹಾಯುವಂತೆ, ಗ ಚುಕ್ಕೆಯನ್ನು ಎತ್ತಿ ನಡುಗೆರೆಯ ಮೇಲೆ ಕೂರಿಸಿ. ಅದು ಕೂತ ಜಾಗ ಪ ಆಗಲಿ. ಮಡಚಿದ್ದು ಅದೇ ಅಂಚಾದ್ದರಿಂದ ಕಪ ಉದ್ದವೂ ಕಗ ಉದ್ದವೂ ಒಂದೇ. ಪ ನಡುಗೆರೆಯ ಮೇಲಿರುವುದರಿಂದ ಕಪ, ಗಪ ಎರಡೂ ಒಂದೇ. ಮೂರು ಬಾಹುಗಳೂ ಸಮವಾದ ಮೇಲೆ ಕದಲ್ಲಿರುವ ಕೋನ 60 ಡಿಗ್ರಿ. ಆಗ ಬಿದ್ದ ಮಡಿಕೆ ಅದನ್ನು ಅರ್ಧ ಮಾಡುವುದರಿಂದ 30 ಕೂಡ ಅದೇ ಏಟಿಗೆ ಸಿಕ್ಕಿತು. ಈ ಸಾಧನೆಯನ್ನು ಏಳನೇ ತರಗತಿಯ ಮಗು ತನ್ನ ಮಾತಿನಲ್ಲೇ ಹೇಳಬಲ್ಲದು. ಅರ್ಧದ ಮಡಿಕೆಯಲ್ಲಿ ಸಾಧಿಸಿ ತೋರಿಸುವಂಥದ್ದು ಹೆಚ್ಚೇನೂ ಇಲ್ಲ. ‘ಒಂದರ ಮೇಲೊಂದು ಕೂತಿತು, ಆದ್ದರಿಂದ ಸಮ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಅರ್ಧದ ಮಡಿಕೆಯಲ್ಲಿ ಬೆರಳಿಗೆ ಒಂದೇ ಕೆಲಸ; ಅರವತ್ತರ ಮಡಿಕೆಯಲ್ಲಿ ಎರಡು. ಕ ಜಾರಬಾರದು, ಗ ಗೆರೆ ತಪ್ಪಬಾರದು. ಚಿಕ್ಕ ಕೈಗಳಿಗೆ ಇದು ಕಷ್ಟ, ಕೋನ ಕೆಟ್ಟೇಹೋಗುತ್ತದೆ ಎನ್ನುವವರ ಮಾತನ್ನು ಲೆಕ್ಕ ಹಾಕಿಯೇ ನೋಡಬೇಕು. ಇಪ್ಪತ್ತು ಸೆಂಟಿಮೀಟರಿನ ಅಂಚಿನಲ್ಲಿ ಗ ಚುಕ್ಕೆ ನಡುಗೆರೆಯಿಂದ ಒಂದು ಮಿಲಿಮೀಟರ್ ಆಚೆ ಕೂತಿತು ಎನ್ನೋಣ. ಆಗ ಕೋನ ಸುಮಾರು 59.67 ಡಿಗ್ರಿ, ತಪ್ಪು ಮೂರನೇ ಒಂದು ಡಿಗ್ರಿಯಷ್ಟು. ಎಂಟು ಸೆಂಟಿಮೀಟರಿನ ತುಂಡಿನಲ್ಲಿ ಇದೇ ಒಂದು ಮಿಲಿಮೀಟರ್ ಜಾರಿದರೆ ತಪ್ಪು 0.8 ಡಿಗ್ರಿ ದಾಟುತ್ತದೆ. ಹಾಗಾಗಿ ದೋಷ ಮಡಿಕೆಯ ಬಗೆಗಿಂತ ಹೆಚ್ಚಾಗಿ ಕಾಗದದ ಅಳತೆಯಲ್ಲಿದೆ. ನೋಟ್‌ಬುಕ್ಕಿನ ಕಾಲು ಹಾಳೆ ಕೊಟ್ಟು ಮಕ್ಕಳ ಕೈ ಸರಿಯಿಲ್ಲ ಎನ್ನುವುದಕ್ಕಿಂತ ದಿನಪತ್ರಿಕೆಯ ಪೂರ್ತಿ ಹಾಳೆ ಕೊಡುವುದು ಮೇಲು. ಅದು ತೆಳ್ಳಗಿರುವುದರಿಂದ ಮಡಿಕೆಯೂ ಚೊಕ್ಕವಾಗಿ ಬೀಳುತ್ತದೆ.

ತಪ್ಪಾಗಿದೆಯೋ ಇಲ್ಲವೋ ಎಂದು ತಿಳಿಯಲು ಮಾಪಕವೂ ಬೇಕಿಲ್ಲ. ಕಾಗದಕ್ಕೆ ಲಂಬವಾದ ಮೂಲೆಯೊಂದಿದ್ದರೆ ಆ ಮೂಲೆಯನ್ನೇ ಕ ಮಾಡಿಕೊಳ್ಳಿ. ಅರವತ್ತರ ಮಡಿಕೆ ಬಿದ್ದ ಮೇಲೆ ಮೂಲೆಯಲ್ಲಿ ಮೂರು ಪಾಲು ಕಾಣುತ್ತವೆ: ಮಡಿಕೆಯ ಕೆಳಗೊಂದು, ಮಡಿಕೆಗೂ ಎತ್ತಿ ಕೂರಿಸಿದ ಅಂಚಿಗೂ ನಡುವೆ ಒಂದು, ಆ ಅಂಚಿಗೂ ಕಾಗದದ ಎಡ ಅಂಚಿಗೂ ನಡುವೆ ಇನ್ನೊಂದು. ಕೂರಿಸಿದ ಅಂಚಿನ ಗುಂಟ ಮಡಚಿ ಎಡ ಅಂಚನ್ನು ಬಲಕ್ಕೆ ತಂದಾಗ ಅದು ಮಡಿಕೆಯ ಮೇಲೆ ಸರಿಯಾಗಿ ಬಿದ್ದರೆ ಮೂರೂ 30. ಮೇಲಿನ ಉದಾಹರಣೆಯಲ್ಲಿ ಮೂರನೇ ಒಂದು ಡಿಗ್ರಿ ತಪ್ಪಿದ್ದ ಕಾಗದದಲ್ಲಿ ಎರಡರ ನಡುವೆ ಅರ್ಧ ಡಿಗ್ರಿ ಬಿರುಕು ಬೀಳುತ್ತದೆ. ಮೂಲೆಯಿಂದ ಹದಿನೈದು ಸೆಂಟಿಮೀಟರ್ ದೂರದಲ್ಲಿ ಅದು ಒಂದು ಮಿಲಿಮೀಟರಿಗಿಂತ ಹೆಚ್ಚು ಅಗಲ, ಬರಿಗಣ್ಣಿಗೆ ಕಾಣುವಷ್ಟು. ತನ್ನ ತಪ್ಪನ್ನು ತಾನೇ ಒಂದೂವರೆ ಪಟ್ಟು ಹಿಗ್ಗಿಸಿ ತೋರಿಸುವ ಇಂಥ ಪರೀಕ್ಷೆ ಅರ್ಧದ ದಾರಿಯಲ್ಲಿಲ್ಲ. ಅಲ್ಲಿ ಇನ್ನೊಂದು ತೊಡಕೂ ಇದೆ. ಬಿಚ್ಚದೆ ಮಡಚುತ್ತಲೇ ಹೋದರೆ ನಾಲ್ಕನೇ ಮಡಿಕೆಗೆ ಎಂಟು ಪದರ ಒಟ್ಟಾಗುತ್ತವೆ. ಹೊರಗಿನ ಪದರ ದಪ್ಪವನ್ನು ಸುತ್ತಿ ಬರಬೇಕಾದ್ದರಿಂದ ಅದರ ಗೆರೆ ಸರಿದು ಬೀಳುತ್ತದೆ. 22.5 ಎಂದು ಬರೆದ ಪಾಲುಗಳು ಒಂದಕ್ಕೊಂದು ಹೊಂದದಿರಲು ಇದೇ ಕಾರಣ. ಪ್ರತಿ ಸಲವೂ ಬಿಚ್ಚಿ, ಗೆರೆಯನ್ನು ಗೆರೆಯ ಮೇಲೆ ತಂದು ಮಡಚಿದರೆ ಈ ದೋಷ ಬಹುಪಾಲು ಹೋಗುತ್ತದೆ.

ಸುತ್ತಲಿನ ವಸ್ತುಗಳೂ ಇದೇ ಕಡೆಗೆ ಬೆರಳು ತೋರುತ್ತವೆ. ಗಡಿಯಾರದ ಮುಖದಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗೆ 30 ಡಿಗ್ರಿ, ನಿಮಿಷದ ಮುಳ್ಳಿನ ಒಂದು ಹೆಜ್ಜೆಗೆ 6. ಅರ್ಧದ ಕಾಗದವನ್ನು ಅದರ ಮೇಲಿಟ್ಟರೆ ಮೂರು, ಆರು, ಒಂಬತ್ತು, ಹನ್ನೆರಡು ಮಾತ್ರ ಹೊಂದುತ್ತವೆ. ಅರವತ್ತರ ಕಾಗದ ಹನ್ನೆರಡು ಅಂಕಿಗಳಿಗೂ ಹೊಂದುತ್ತದೆ. ಹಳೆಯ ಬಗೆಯ ಸೈಕಲ್ಲಿನ ಮುಂದಿನ ಗಾಲಿಗೆ ಸಾಮಾನ್ಯವಾಗಿ 32 ಕಡ್ಡಿ, ಹಿಂದಿನದಕ್ಕೆ 40. ಕಡ್ಡಿಗಳು ಒಂದನ್ನೊಂದು ದಾಟಿ ಹೋಗುವುದರಿಂದ ಅವುಗಳ ನಡುವಿನ ಕೋನವನ್ನು ನೋಡಬಾರದು; ರಿಮ್ಮಿನ ಮೇಲೆ ಅವು ಕೂತಿರುವ ನಿಪ್ಪಲ್‌ಗಳನ್ನು ಎಣಿಸಬೇಕು. ಮುಂದಿನ ಗಾಲಿಯಲ್ಲಿ ಒಂದರಿಂದ ಇನ್ನೊಂದಕ್ಕೆ 11.25 ಡಿಗ್ರಿ, ಅರ್ಧದ ದಾರಿಗೆ ಸಲ್ಲುವ ವಸ್ತು ಇದೊಂದು ಇದ್ದೇ ಇದೆ. ಹಿಂದಿನದರಲ್ಲಿ 9 ಡಿಗ್ರಿ. ಅದು ಎರಡೂ ದಾರಿಗಳಿಗೆ ಒಗ್ಗದು, ಹತ್ತು ನಿಪ್ಪಲ್ ದಾಟಿದಾಗ ಮಾತ್ರ ಲಂಬಕೋನಕ್ಕೆ ಬರುತ್ತದೆ. ಕಾಗದದಲ್ಲಿ ಪಾಲಾಗಿ ಕಂಡ ಕೋನವನ್ನು ತಿರುಗುವಿಕೆಯಾಗಿ ಕಾಣಿಸಲು ಗಾಲಿಗಿಂತ ಒಳ್ಳೆಯ ವಸ್ತು ನನಗೆ ತೋಚಿಲ್ಲ. ನಿಪ್ಪಲ್ ಒಂದಕ್ಕೆ ದಾರ ಕಟ್ಟಿ ಗಾಲಿ ತಿರುಗಿಸಿದರೆ ಬಾಹುವಿನ ಉದ್ದದ ಗೊಂದಲವೂ ಕರಗುತ್ತದೆ; ಹಬ್‌ನ ಹತ್ತಿರವೂ ರಿಮ್ಮಿನ ಬಳಿಯೂ ತಿರುಗಿದ್ದು ಅಷ್ಟೇ.

30ನ್ನು ಮೂರು ಸಲ ಅರ್ಧ ಮಾಡಿದರೆ 3.75 ಡಿಗ್ರಿ, ಅಂದರೆ 225 ಕಲೆಗಳು. ಆರ್ಯಭಟ ಲಂಬಕೋನವನ್ನು 24 ಪಾಲು ಮಾಡಿ ಜ್ಯಾಗಳನ್ನು ಕೊಟ್ಟದ್ದು ಇದೇ ಅಂತರದಲ್ಲಿ. ಆತನ ಕಾಲದಲ್ಲಿ ಕಾಗದವಿತ್ತೆಂದು ನಾನು ಹೇಳುತ್ತಿಲ್ಲ. ಅರವತ್ತು ಡಿಗ್ರಿಯ ಪೂರ್ಣಜ್ಯಾ ತ್ರಿಜ್ಯಕ್ಕೆ ಸಮ ಎಂಬುದರಿಂದ ಹೊರಟು ಅರ್ಧ ಮಾಡುತ್ತ ಇಳಿದರೆ ಆ ಅಂತರ ತಾನಾಗಿ ಬರುತ್ತದೆ ಎಂಬಷ್ಟೇ ನನ್ನ ಮಾತು.

ಇನ್ನು ವಾದದ ಮಿತಿ. ಅರವತ್ತರ ಮಡಿಕೆ ಮೊದಲು ಎಂದಾಗ ಲಂಬಕೋನವನ್ನು ಆಮೇಲೆ ಕಲಿಸಿ ಎಂದು ನನ್ನ ಅರ್ಥವಲ್ಲ. ಗವನ್ನು ಕದ ಮೇಲೆ ತಂದಾಗಲೇ ಲಂಬಕೋನ ಹುಟ್ಟಿರುತ್ತದೆ. ಅದನ್ನು ಹೆಸರಿಸಿಯೇ ಮುಂದೆ ಹೋಗಬೇಕು. ನಾಲ್ಕನೇ, ಐದನೇ ತರಗತಿಗೆ ಅರ್ಧದ ಮಡಿಕೆಯಷ್ಟೇ ಸಾಕೆಂದರೂ ಒಪ್ಪುತ್ತೇನೆ. ನನ್ನ ಹೇಳಿಕೆ ಡಿಗ್ರಿ ಎಂಬ ಅಳತೆ ಪಾಠಕ್ಕೆ ಬಂದ ಮೇಲಿನ ಮಾಪಕದ ಬಗ್ಗೆ, ಅದೂ 15 ಡಿಗ್ರಿಯ ಅಂತರದವರೆಗೆ. ಅದಕ್ಕಿಂತ ಕೆಳಗೆ ರಾವ್ ಅವರೊಂದಿಗೆ ಇನ್ನೊಂದು ಚರ್ಚೆ ತೆರೆಯುತ್ತದೆ. ಯಾವುದೇ ಕೋನವನ್ನು ಮೂರು ಪಾಲು ಮಾಡಲು ಅವರು ಕೊಟ್ಟದ್ದು ಅಂದಾಜಿನ ವಿಧಾನ. ಆದರೆ ಇಟಲಿಯ ಮಾರ್ಗರಿಟಾ ಬೆಲೋಕ್ 1936ರಲ್ಲಿ, ಎರಡು ಬಿಂದುಗಳನ್ನು ಎರಡು ಗೆರೆಗಳ ಮೇಲೆ ಒಂದೇ ಮಡಿಕೆಯಿಂದ ಕೂರಿಸಿದರೆ ಮೂರನೇ ಘಾತದ ಸಮೀಕರಣಗಳೂ ಬಗೆಹರಿಯುತ್ತವೆ ಎಂದು ತೋರಿಸಿದರು. ಮುಂದೆ ಜಪಾನಿನ ಹಿಸಾಷಿ ಅಬೆ ಅದೇ ಬಗೆಯ ಮಡಿಕೆಯಿಂದ ಲಘುಕೋನವನ್ನು ನಿಖರವಾಗಿ ಮೂರು ಪಾಲು ಮಾಡುವ ಕ್ರಮ ಕೊಟ್ಟರು. ಹಾಗಾಗಿ 60ರಿಂದ 20, ಅದರ ಅರ್ಧ 10 ಕಾಗದಕ್ಕೆ ತಾತ್ತ್ವಿಕವಾಗಿ ಎಟುಕುತ್ತವೆ. ತರಗತಿಯಲ್ಲಿ ಮಾತ್ರ ಎರಡು ಬಿಂದುಗಳನ್ನು ಒಟ್ಟಿಗೆ ಜಾರಿಸಿ ಕೂರಿಸುವ ಆ ಮಡಿಕೆಯಲ್ಲಿ ಸೇರುವ ತಪ್ಪು, ಕಣ್ಣಳತೆಯಲ್ಲಿ ಮೂರು ಪದರ ಮಾಡಿ ಹೊಂದಿಸುವುದರ ತಪ್ಪಿಗಿಂತ ಕಡಿಮೆಯಿರುತ್ತದೆಯೇ ಎಂಬುದು ಅಳೆದು ನೋಡಬೇಕಾದ ವಿಷಯ.

180 ದಾಟಿದ ಸರಳಾಧಿಕ ಕೋನವೂ ಉಳಿದಿದೆ. ಮಡಚಿದ ಕಾಗದ ಅದನ್ನು ತೋರಿಸಲಾರದು. ಬಿಚ್ಚಿದ ವೃತ್ತವೋ ಸೈಕಲ್ಲಿನ ಗಾಲಿಯೋ ಬೇಕು. ಇಳಿಜಾರಾದ ಹಂಚಿನ ಮಾಡಿನಲ್ಲಾದರೆ ಒಂದೇ ಬಾಹು ಕಣ್ಣಿಗೆ ಬೀಳುತ್ತದೆ, ಇನ್ನೊಂದು ಕಾಣದ ಅಡ್ಡಗೆರೆ. 15 ಡಿಗ್ರಿಯ ಕಾಗದ ಹಿಡಿದ ಮಗು ಆ ಕಾಣದ ಗೆರೆಯನ್ನು ತಾನಾಗಿ ಊಹಿಸಿಕೊಂಡು ಮಾಡಿನ ಇಳಿಜಾರನ್ನು ಅಳೆಯುತ್ತದೆಯೋ, ಇಲ್ಲ ನೀರು ತುಂಬಿದ ಬಾಟಲಿಯನ್ನು ಪಕ್ಕಕ್ಕಿಟ್ಟು ಆ ಗೆರೆಯನ್ನು ಕಾಣಿಸಬೇಕಾಗುತ್ತದೆಯೋ ಎಂಬುದನ್ನು ಮುಂದಿನ ಕೆಲಸಕ್ಕೆ ಬಿಟ್ಟಿದ್ದೇನೆ.