ಮಂಗಳೂರಿನ ವರ್ತಕ, ಕೈರೋದ ಕಾಗದ: ಗೆನಿಜಾ ಪತ್ರಗಳಲ್ಲಿ ಒಂದು ಯಹೂದಿ ಸಂಸಾರ

ಮಧ್ಯಯುಗದ ಯಹೂದಿಗಳ ಧರ್ಮಜೀವನವನ್ನು ನಾವು ಹೆಚ್ಚಾಗಿ ಶಾಸ್ತ್ರಗ್ರಂಥಗಳಿಂದ ತಿಳಿಯುತ್ತೇವೆ. ಹೇಗೆ ಬಾಳಬೇಕೆಂದು ಅವು ವಿಧಿಸುತ್ತವೆ. ಆ ವಿಧಿಗಳು ಒಂದು ಮನೆಯೊಳಗೆ ಏನಾದವು ಎಂಬುದಕ್ಕೆ ವರ್ತಕರ ಪತ್ರಗಳನ್ನೇ ನೋಡಬೇಕು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜೂ ಎಂಬ ವರ್ತಕನ ಕಾಗದಪತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಕರ

ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬುದು ಯಹೂದಿ ಸಂಪ್ರದಾಯ. ಅಂಥ ಹಳೆಯ ಬರಹಗಳನ್ನು ಹಾಕಿಡುವ ಕೋಣೆಯೇ ಗೆನಿಜಾ. ಹಳೆಯ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಗೆನಿಜಾದಲ್ಲಿ ಧರ್ಮಗ್ರಂಥಗಳ ಹಾಳೆಗಳ ಜೊತೆಗೆ ಲೆಕ್ಕದ ಚೀಟಿ, ಮದುವೆಯ ಕರಾರು, ವ್ಯಾಪಾರಿಗಳ ಕಾಗದಗಳೂ ಸೇರಿಕೊಂಡವು. 1897ರಲ್ಲಿ ಸೊಲೊಮನ್ ಶೆಕ್ಟರ್ ಇವುಗಳ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ವರ್ತಕರ ಪತ್ರಗಳ ಭಾಷೆ ಹೆಚ್ಚಾಗಿ ಅರಬ್ಬಿ, ಲಿಪಿ ಹೀಬ್ರೂ. ಎಸ್. ಡಿ. ಗೊಯ್ಟೈನ್ ಇವುಗಳಿಂದ ಭಾರತದೊಡನೆ ವ್ಯಾಪಾರ ಮಾಡುತ್ತಿದ್ದವರ ದಾಖಲೆಗಳನ್ನು ಬಿಡಿಸಿ ಜೋಡಿಸಿದರು. ಮೊರ್ದೆಖೈ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿದರು.

ಬೆನ್ ಯಿಜೂ ಇಂದಿನ ಟುನೀಶಿಯಾದ ಮಹ್ದಿಯಾ ಪಟ್ಟಣದವನು. 1132ರ ಹೊತ್ತಿಗೆ ಅವನು ಮಂಗಳೂರಿನಲ್ಲಿದ್ದ. ಏಡನ್ನಿನ ಮದ್ಮೂನ್, ಖಲಫ್ ಮೊದಲಾದ ವರ್ತಕರು ಅವನಿಗೆ ತಾಮ್ರ, ತವರ, ಒಡೆದ ಪಾತ್ರೆಗಳನ್ನು ಕಳುಹಿಸುತ್ತಿದ್ದರು. ಅವನು ತನ್ನ ಕಾರ್ಖಾನೆಯಲ್ಲಿ ಹೊಸ ಪಾತ್ರೆ ಮಾಡಿಸಿ, ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣದ ಜೊತೆಗೆ ಹಿಂದಕ್ಕೆ ಕಳುಹಿಸುತ್ತಿದ್ದ. ಅವರು ಉಡುಗೊರೆಯಾಗಿ ಕಳುಹಿಸುತ್ತಿದ್ದ ವಸ್ತುಗಳಲ್ಲಿ ಕಾಗದವೂ ಇತ್ತು. ಇಲ್ಲಿ ಕಾಗದ ದುರ್ಲಭ. ಹಾಗಾಗಿ ಬಂದ ಪತ್ರಗಳ ಖಾಲಿ ಜಾಗದಲ್ಲೇ ಅವನು ಲೆಕ್ಕ, ಕವಿತೆ, ಧರ್ಮಶಾಸ್ತ್ರದ ಟಿಪ್ಪಣಿಗಳನ್ನು ಬರೆದುಕೊಂಡ. ಒಂದೇ ಹಾಳೆಯಲ್ಲಿ ವ್ಯಾಪಾರಿಯೂ ವಿದ್ವಾಂಸನೂ ಸಿಗುವುದು ಇದರಿಂದಲೇ.

ಬಿಡುಗಡೆಯ ಪತ್ರ

ಈ ಕಡತದ ಮುಖ್ಯ ದಾಖಲೆ 1132ರ ಅಕ್ಟೋಬರ್ 17ರದು. ಅಂದು ಮಂಗಳೂರಿನಲ್ಲಿ ಬೆನ್ ಯಿಜೂ ಆಶು ಎಂಬ ದಾಸಿಯನ್ನು ವಿಧಿಪೂರ್ವಕವಾಗಿ ಬಿಡುಗಡೆ ಮಾಡಿದ. ಯಹೂದಿ ಶಾಸ್ತ್ರದ ಪ್ರಕಾರ ದಾಸಿಯ ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯುತ್ತಾರೆ. ಬಿಡುಗಡೆಯಾದವಳಾದರೋ ಯಹೂದಿ ಸಮುದಾಯದ ಪೂರ್ಣ ಸದಸ್ಯೆ, ಅನಂತರ ಅವಳಿಗೆ ಹುಟ್ಟುವವರೂ ಹಾಗೆಯೇ. ಆದರೆ ಇನ್ನೊಂದು ತೊಡಕಿತ್ತು. ದಾಸಿಯೊಡನೆ ಸಂಬಂಧವಿದೆಯೆಂಬ ಶಂಕೆಗೆ ಗುರಿಯಾದವನು, ಅವಳು ಬಿಡುಗಡೆಯಾದ ಮೇಲೂ ಅವಳನ್ನು ಮದುವೆಯಾಗಬಾರದೆಂದು ಮಿಶ್ನಾ ಹೇಳುತ್ತದೆ. ಆಗಿಬಿಟ್ಟಿದ್ದರೆ ಮದುವೆಯನ್ನು ಮುರಿಯಬೇಕಾಗಿಲ್ಲ ಎಂದೂ ಅದೇ ಹೇಳುತ್ತದೆ. ಇಂಥದೇ ಪ್ರಶ್ನೆಯ ಕುರಿತು ಬೆನ್ ಯಿಜೂ ಬರೆದ ಶಾಸ್ತ್ರಚರ್ಚೆಯ ಕರಡುಗಳು ಉಳಿದಿವೆ. ಅವು ಅವನದೇ ಸಂಸಾರದ ಸಮರ್ಥನೆಯೆಂದು ವಿದ್ವಾಂಸರು ವಾದಿಸಿದ್ದಾರೆ. ಒಂದು ಟಿಪ್ಪಣಿಯಲ್ಲಿ ಅವನು ಹೆಂಡತಿಯ ಕಡೆಯ ‘ನಾಯರ್’ ಎಂಬ ನೆಂಟನಿಗೆ ಕೊಡಬೇಕಾದ ಹಣವನ್ನು ದಾಖಲಿಸುತ್ತಾನೆ. ಇದನ್ನೂ ಸೇರಿಸಿ ನೋಡಿದರೆ ಆ ವಾದ ಬಲವಾಗಿಯೇ ಕಾಣುತ್ತದೆ.

ಮಕ್ಕಳ ಕುಲದ ಬಗೆಗಿನ ಈ ಚಿಂತೆ ಕೊನೆಯವರೆಗೂ ಅವನನ್ನು ಬಿಡಲಿಲ್ಲ. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಗೆದ್ದುಕೊಂಡರು, ಅವನ ಬಂಧುಗಳು ಚದುರಿದರು. 1149ರಲ್ಲಿ ಏಡನ್‌ಗೆ ಮರಳಿದ ಬೆನ್ ಯಿಜೂ ಸೋದರರನ್ನು ಹುಡುಕಿ ಪತ್ರ ಬರೆದ. ಗಂಡುಮಕ್ಕಳು ತೀರಿಕೊಂಡ ಮೇಲೆ ಉಳಿದವಳು ಮಗಳು ಸಿತ್ತ್ ಅಲ್-ದಾರ್ ಒಬ್ಬಳೇ. ಏಡನ್ನಿನ ಗಣ್ಯ ವರ್ತಕನೊಬ್ಬ ತನ್ನ ಮಗನಿಗೆ ಅವಳನ್ನು ಕೇಳಿದ್ದ. ಬೆನ್ ಯಿಜೂ ಒಪ್ಪದೆ, ಪರರಿಗಿಂತ ತನ್ನ ಸೋದರನ ಮಗನ ಹಕ್ಕೇ ಹೆಚ್ಚಿನದೆಂದ. 1156ರಲ್ಲಿ ಫುಸ್ತಾತ್‌ನಲ್ಲಿ ಅವಳಿಗೂ ಸೋದರನ ಮಗ ಪೆರಹ್ಯಾನಿಗೂ ಮದುವೆಯಾಯಿತು. 24 ವರ್ಷಗಳ ಹಿಂದೆ ಮಂಗಳೂರಿನಲ್ಲಿ ಆದ ಬಿಡುಗಡೆಯೇ ಈ ಮದುವೆಗೆ ಶಾಸ್ತ್ರದ ಆಧಾರ.

ಆಕರದ ಮಿತಿ

ಈ ಕಾಗದಗಳನ್ನು ಎಚ್ಚರದಿಂದ ಓದಬೇಕು. ಉಳಿದವುಗಳಲ್ಲಿ ಬಹುಪಾಲು ಅವನಿಗೆ ಬಂದ ಪತ್ರಗಳು, ಅವನು ಏಡನ್‌ಗೆ ಬರೆದ ಉತ್ತರಗಳು ನಮಗೆ ಸಿಗುವುದು ಕಡಿಮೆ. ಕುಟುಂಬ ಫುಸ್ತಾತ್ ಸೇರಿದ್ದರಿಂದಲೇ ಇವು ಅಲ್ಲಿನ ಗೆನಿಜಾಕ್ಕೆ ಬಿದ್ದವು, ಹಾಗೆ ಸೇರದ ವರ್ತಕರ ಕಾಗದಗಳು ಕಾಣೆಯಾದವು. ಇದಕ್ಕಿಂತ ಗಂಭೀರವಾದದ್ದು ಆಶುವಿನ ಕುರಿತ ಮೌನ. ಏಡನ್ನಿನ ಗೆಳೆಯರು ಮಕ್ಕಳಿಗೆ ತಪ್ಪದೆ ಶುಭ ಕೋರುತ್ತಾರೆ. ಬೆನ್ ಯಿಜೂವಿನ ಪ್ರತಿನಿಧಿಯಾಗಿ ಏಡನ್‌ಗೆ ಹೋಗಿಬರುತ್ತಿದ್ದ ದಾಸ ಬಾಮನಿಗೂ ಖಲಫ್ ವಂದನೆ ತಿಳಿಸುತ್ತಾನೆ. ತಾಯಿಯ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಈ ದಾಸನ ಹೆಸರನ್ನು ತುಳುನಾಡಿನ ‘ಬೊಮ್ಮ’ ಎಂದು ಗುರುತಿಸಿ ಅವನ ಜಾಡು ಹಿಡಿದವರು ಅಮಿತಾವ್ ಘೋಷ್.

ಶಾಸ್ತ್ರದ ದೃಷ್ಟಿಯಲ್ಲಿ ಆಶು ಸಮುದಾಯದೊಳಗೆ ಸೇರಿದ್ದಳು, ಗೆಳೆಯರ ವಂದನೆಯ ಸಾಲುಗಳೊಳಗೆ ಸೇರಲಿಲ್ಲ. ವಿಧಿಗೂ ಒಪ್ಪಿಗೆಗೂ ನಡುವಿದ್ದ ಈ ಅಂತರವನ್ನು ತೋರಿಸಿಕೊಡುವುದರಲ್ಲಿಯೇ ವರ್ತಕರ ಪತ್ರಗಳು ಶಾಸ್ತ್ರಗ್ರಂಥಗಳನ್ನು ಮೀರುತ್ತವೆ. ತುಳುನಾಡಿನ ಇತಿಹಾಸ ಬರೆಯುವವರು ಶಾಸನಗಳ ಜೊತೆಗೆ ಈ ಕಡತವನ್ನೂ ಇಟ್ಟುಕೊಂಡು ಓದಬೇಕು.