1966ರಲ್ಲಿ ರಿಟೈರ್ ಆದವನ ಲೆಕ್ಕ

ನಲವತ್ತರೊಳಗೆ ಕೆಲಸಕ್ಕೆ ನಮಸ್ಕಾರ ಹೇಳಬೇಕು ಅಂದುಕೊಂಡವರ ಎಕ್ಸೆಲ್ ಶೀಟುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸಂಬಳ, ಸಾಲ, ಊರು ಎಲ್ಲ ಬೇರೆ ಬೇರೆ. ಒಂದು ಸಾಲು ಮಾತ್ರ ಎಲ್ಲರದ್ದೂ ಒಂದೇ: ವರ್ಷದ ಖರ್ಚನ್ನು 25ರಿಂದ ಗುಣಿಸು, ಅಷ್ಟು ದುಡ್ಡು ಕೂಡಿದ ದಿನ ಕೆಲಸ ಬಿಡು. ಯಾಕೆ 25 ಅಂತ ಕೇಳಿದರೆ, ಶೇಕಡಾ 4ರಷ್ಟು ತೆಗೆದರೆ ದುಡ್ಡು ಕರಗಲ್ಲ, ಅದೇ ಸೇಫ್ ವಿತ್‌ಡ್ರಾಯಲ್ ರೇಟ್ ಅಂತ ಉತ್ತರ ಬರುತ್ತದೆ. ಈ 4 ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು ಅನ್ನೋದನ್ನು ಒಮ್ಮೆ ನೋಡಿದರೆ, ಅದರ ಮೇಲೆ ನಾವು ಎಷ್ಟು ಭಾರ ಹೇರಿದ್ದೇವೆ ಅಂತ ಗೊತ್ತಾಗುತ್ತದೆ.

ಅದನ್ನು ಹುಡುಕಿದವರು ವಿಲಿಯಂ ಬೆಂಗನ್. ಓದಿದ್ದು ಎಂಐಟಿಯಲ್ಲಿ ವಿಮಾನಶಾಸ್ತ್ರ. ಆಮೇಲೆ ಮನೆತನದ ತಂಪು ಪಾನೀಯದ ಬಾಟ್ಲಿಂಗ್ ವ್ಯಾಪಾರ ನೋಡಿಕೊಂಡು, ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹಣಕಾಸು ಸಲಹೆಗಾರರಾದರು. ಆ ಕಾಲದ ರೂಢಿ ಅಂದರೆ ಸರಾಸರಿ ಲೆಕ್ಕ. ಶೇರು ಸರಾಸರಿ ಇಷ್ಟು ಬೆಳೆಯುತ್ತೆ, ಹಣದುಬ್ಬರ ಸರಾಸರಿ ಇಷ್ಟು, ಕಳೆದರೆ ಉಳಿದದ್ದು ನಿಮ್ಮದು. ಎಂಜಿನಿಯರ್ ಬುದ್ಧಿಯ ಬೆಂಗನ್ ಇದನ್ನು ಒಪ್ಪಲಿಲ್ಲ. 1926ರಿಂದಾಚೆಗಿನ ಅಮೆರಿಕದ ಅಂಕಿಗಳನ್ನು ತೆಗೆದುಕೊಂಡು, ಪ್ರತಿ ವರ್ಷವೂ ಒಬ್ಬ ರಿಟೈರ್ ಆದ ಅಂತ ಇಟ್ಟುಕೊಂಡು, ಅರ್ಧ ಶೇರು ಅರ್ಧ ಸರ್ಕಾರಿ ಬಾಂಡ್ ಇರುವ ಅವನ ಗಂಟು ಎಷ್ಟು ವರ್ಷ ಬಾಳಿತು ಅಂತ ನೋಡಿದರು. ಮೊದಲ ವರ್ಷ ಶೇಕಡಾ 4, ಆಮೇಲೆ ಅದೇ ಮೊತ್ತ, ಬೆಲೆ ಏರಿದಷ್ಟು ಏರಿಸಿಕೊಂಡು. ಎಂಥಾ ಕೆಟ್ಟ ವರ್ಷದಲ್ಲಿ ಶುರು ಮಾಡಿದರೂ 30 ವರ್ಷ ಬಾಳುತ್ತದೆ ಅನ್ನೋದು 1994ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರೊಫೆಸರುಗಳು 15, 20, 25, 30 ವರ್ಷಗಳಿಗೆ ಇಂಥದ್ದೇ ಲೆಕ್ಕ ಹಾಕಿದರು. ದಾರಿ ಮಧ್ಯೆ ಮೊತ್ತ ಬದಲಿಸಿಕೊಳ್ಳಬೇಕಾದೀತು ಅಂತಲೂ ಹೇಳಿದ್ದರು. ನಿಯಮ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಆ ಮಾತು ಉದುರಿಹೋಯಿತು.

30 ವರ್ಷ ಯಾಕೆ? ಅರವತ್ತು ಅರವತ್ತೈದಕ್ಕೆ ರಿಟೈರ್ ಆಗುವವರಿಗೆ ಅಷ್ಟು ಸಾಕು. ಮೂವತ್ತೈದಕ್ಕೆ ಬಿಡುವವರಿಗೆ ಅದು ಅರ್ಧ ದಾರಿ. ಇದನ್ನು ಸುಮ್ಮನೆ ಹೇಳಿದರೆ ತಟ್ಟಲ್ಲ, ಅದಕ್ಕೇ 1966ರ ಜನವರಿಯಲ್ಲಿ ಕೆಲಸ ಬಿಟ್ಟ 35ರ ಒಬ್ಬನನ್ನು ಕಲ್ಪಿಸಿಕೊಳ್ಳಿ. ಇಡೀ ಇತಿಹಾಸದಲ್ಲಿ ತೀರಾ ಕೆಟ್ಟ ಮುಹೂರ್ತಗಳಲ್ಲಿ ಅದೊಂದು. ಕೈಯಲ್ಲಿ 1 ಲಕ್ಷ ಡಾಲರ್, ಅರ್ಧ ಶೇರು, ಅರ್ಧ ಬಾಂಡ್. ವರ್ಷದ ಮೊದಲ ದಿನ 4,000 ತೆಗೆಯುತ್ತಾನೆ. ಕೆಳಗಿನ ಅಂಕಿಗಳು ನಾನೇ ವರ್ಷ ವರ್ಷದ ಗಳಿಕೆ, ಬೆಲೆಯೇರಿಕೆ ಇಟ್ಟು ಹಾಕಿದ ಅಂದಾಜು. ತೆರಿಗೆ, ಫಂಡಿನ ಶುಲ್ಕ ಎರಡನ್ನೂ ಸೇರಿಸಿಲ್ಲ.

ಮೊದಲ ಏಳು ವರ್ಷ ಅವನು ಆರಾಮಾಗಿಯೇ ಇದ್ದ. 1972ರ ಕೊನೆಗೆ ಖಾತೆಯಲ್ಲಿ 1,12,000 ಇತ್ತು. ನಂತರ 1973ರ ತೈಲ ಬಿಕ್ಕಟ್ಟು ಬಂತು, ಶೇರು ಪೇಟೆ ಎರಡು ವರ್ಷ ಬಿದ್ದಿತು, ಬೆಲೆಗಳು ಮಾತ್ರ ಏರುತ್ತಲೇ ಹೋದವು. 1974ರ ಕೊನೆಗೆ ಸುಮಾರು 85,600. ಅದು ಅಷ್ಟೇನೂ ಕೆಟ್ಟದಾಗಿ ಕಾಣಲ್ಲ, ಅಲ್ವಾ? ಆದರೆ 1975ಕ್ಕೆ ಅವನ ಮನೆ ನಡೆಯಲು ಬೇಕಾದದ್ದು 6,500. ಅಂದರೆ ಗಂಟಿನ ಶೇಕಡಾ 7.6. 1982ರ ಶುರುವಿಗೆ ಖಾತೆಯಲ್ಲಿ ಇನ್ನೂ 90,800 ಇದೆ, ಖರ್ಚು 11,800 ಆಗಿದೆ. ಶೇಕಡಾ 13! ಬ್ಯಾಂಕಿನ ಸ್ಟೇಟ್‌ಮೆಂಟ್ ಮಾತ್ರ ನೋಡುವವನಿಗೆ, ಹದಿನಾರು ವರ್ಷ ಕೂತು ತಿಂದರೂ ದುಡ್ಡು ಬಹುತೇಕ ಹಾಗೇ ಇದೆಯಲ್ಲ ಅನ್ನಿಸಬೇಕು. ಹಣದುಬ್ಬರ ಮಾಡುವ ಮೋಸ ಇದು. ಹಾಗಾಗಿ ನೋಡಬೇಕಾದ ಅಂಕಿ ಬ್ಯಾಲೆನ್ಸ್ ಅಲ್ಲ, ಈ ವರ್ಷದ ಖರ್ಚನ್ನು ಈ ವರ್ಷದ ಗಂಟಿನಿಂದ ಭಾಗಿಸಿದರೆ ಬರುವ ಶೇಕಡಾವಾರು. ಅವನ ವಿಷಯದಲ್ಲಿ ಹತ್ತನೇ ವರ್ಷದ ಹೊತ್ತಿಗೇ ಅದು ಸುಮಾರು ಎರಡು ಪಟ್ಟಾಗಿತ್ತು.

1982ರ ಆಗಸ್ಟಿನಿಂದ ಅಮೆರಿಕದ ಪೇಟೆ ಚರಿತ್ರೆಯ ಅತಿ ದೊಡ್ಡ ಏರಿಕೆಗಳಲ್ಲೊಂದನ್ನು ಕಂಡಿತು. ಇವನಿಗೆ ಅದರಿಂದ ಸಿಕ್ಕಿದ್ದು ಉಸಿರು ಬಿಡುವಷ್ಟು ಸಮಯ ಮಾತ್ರ, ಯಾಕಂದರೆ ಅಗ್ಗದ ದಿನಗಳಲ್ಲಿ ಹೊಟ್ಟೆಪಾಡಿಗೆ ಮಾರಿದ ಶೇರುಗಳು ಏರಿಕೆಯಲ್ಲಿ ಪಾಲು ಪಡೆಯಲಿಲ್ಲ. 1995ರ ಡಿಸೆಂಬರಿನಲ್ಲಿ ಉಳಿದದ್ದು 15,600. ಮುಂದಿನ ವರ್ಷಕ್ಕೆ ಬೇಕಾದದ್ದು 19,000 ಚಿಲ್ಲರೆ. 30 ವರ್ಷ ದಾಟಿತಲ್ಲ, ಆದ್ದರಿಂದ ಅಧ್ಯಯನದ ಪಟ್ಟಿಯಲ್ಲಿ ಇವನ ಹೆಸರಿನ ಮುಂದೆ 'ಯಶಸ್ವಿ' ಅಂತ ಬೀಳುತ್ತದೆ. ವಯಸ್ಸು ಮಾತ್ರ 65. ವರ್ಷದ ಕೊನೆಗೆ ಹಣ ತೆಗೆಯುತ್ತಿದ್ದರೆ ಒಂದೆರಡು ವರ್ಷ ಮುಂದೆ ಹೋಗುತ್ತಿತ್ತೇನೋ. ಅದೇ ದಿನ 60ಕ್ಕೆ ರಿಟೈರ್ ಆದವನಿಗಾದರೆ ಈ ಹೊತ್ತಿಗೆ 90. ಜೊತೆಗೆ ಅವನಿಗೆ ಆರಂಭದ ವರ್ಷಗಳಲ್ಲೇ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಶುರುವಾಗಿರುತ್ತಿತ್ತು, 1975ರಿಂದ ಅದು ಬೆಲೆಯೇರಿಕೆಗೆ ತಕ್ಕಂತೆ ತಾನೇ ಏರುತ್ತಲೂ ಇತ್ತು.

ಇದೇ ಮನುಷ್ಯ ಮೊದಲ ವರ್ಷ 4,000ದ ಬದಲು 3,000 ತೆಗೆದಿದ್ದರೆ? ಅದೇ ತೈಲ ಬಿಕ್ಕಟ್ಟು, ಅದೇ ಕುಸಿತ. 1995ರ ಕೊನೆಗೆ ಖಾತೆಯಲ್ಲಿ 4,20,000ದ ಆಸುಪಾಸು ಇರುತ್ತಿತ್ತು, ಖರ್ಚು ಗಂಟಿನ ಶೇಕಡಾ 3.5ಕ್ಕಿಂತ ಕಮ್ಮಿ. ಈ ಒಂದು ಶೇಕಡಾದ ವ್ಯತ್ಯಾಸ ನೋಡಿ ನನಗೇ ಆಶ್ಚರ್ಯವಾಗಿ ಮತ್ತೊಮ್ಮೆ ಲೆಕ್ಕ ಹಾಕಿದೆ. ಆದರೆ 3 ಅಂದರೆ 25 ಪಟ್ಟಿನ ಬದಲು 33 ಪಟ್ಟು ಕೂಡಿಡಬೇಕು. ಅಂದರೆ ಇನ್ನೂ ಎಷ್ಟೋ ವರ್ಷ ಅದೇ ಟ್ರಾಫಿಕ್ಕು, ಅದೇ ಸ್ಟ್ಯಾಂಡಪ್ ಕಾಲ್. ಹಾಗಂತ 3 ಕೂಡ ಕಲ್ಲಿನ ಮೇಲೆ ಬರೆದ ಸಂಖ್ಯೆ ಅಲ್ಲ, ಅದಕ್ಕೂ ಸಾಕ್ಷಿ ಇದೇ ಒಂದು ದೇಶದ ಇತಿಹಾಸ.

ಆ ಸಾಕ್ಷಿ ಎಷ್ಟು ತೆಳು ಅನ್ನೋದೂ ಮುಖ್ಯ. ಟ್ರಿನಿಟಿಯವರ ಬಳಿ ಇದ್ದದ್ದು 1926ರಿಂದ 1995ರವರೆಗಿನ 70 ವರ್ಷ. ಅದರಲ್ಲಿ 30 ವರ್ಷದ ಅವಧಿಗಳು 41 ಸಿಗುತ್ತವೆ. 41 ಬೇರೆ ಬೇರೆ ಪರೀಕ್ಷೆ ಅಂದಹಾಗೆ ಕೇಳಿಸುತ್ತದೆ, ಆದರೆ ಅವು ಒಂದರ ಮೇಲೊಂದು ಬಿದ್ದಿರುವ ಅವಧಿಗಳು. ಒಂದಕ್ಕೊಂದು ತಾಗದ ಅವಧಿಗಳು ಬರೀ ಎರಡು. 35ರಿಂದ 90ರವರೆಗೆ ಬೇಕಾದ 55 ವರ್ಷದ ಅವಧಿ ಹುಡುಕಿದರೆ 16 ಸಿಗುತ್ತವೆ, ಆ ಹದಿನಾರರಲ್ಲೂ 1941ರಿಂದ 1980ರವರೆಗಿನ 40 ವರ್ಷ ಸಮಾನ. ಒಬ್ಬನೇ ಸಾಕ್ಷಿ ಹದಿನಾರು ಅಂಗಿ ಬದಲಿಸಿ ಬಂದ ಹಾಗೆ.

ಇನ್ನು ನಮ್ಮ ವಿಷಯ. ಸೆನ್ಸೆಕ್ಸ್ ಶುರುವಾದದ್ದು 1986ರಲ್ಲಿ, ಅದರ ಮೂಲ ವರ್ಷ 1978-79. ಅಲ್ಲಿಂದ ಎಣಿಸಿದರೂ ಐವತ್ತೈದು ವರ್ಷ ಇನ್ನೂ ತುಂಬಿಲ್ಲ. ಬೆಂಗಳೂರಿನಲ್ಲಿ 35ಕ್ಕೆ ಕೆಲಸ ಬಿಡುವವರು ಕೇಳುವ ಪ್ರಶ್ನೆಗೆ, ಆ ಸೂಚ್ಯಂಕದ ಚರಿತ್ರೆಯಲ್ಲಿ ಪೂರ್ತಿಯಾಗಿ ಮುಗಿದ ಉದಾಹರಣೆ ಒಂದೂ ಇಲ್ಲ.